ಕೋಲ್ಡ್ ರೂಮಿಗೆ ಹೋದ ಆಲೂಗಡ್ಡೆ

ಮಂಗಳೂರಿನ ಒಂದು ರೆಸ್ಟೋರೆಂಟಿನ ಅಡುಗೆಮನೆಗೆ ಸಾಮಾನು ತರಿಸುವುದು, ಅದನ್ನು ಸರಿಯಾಗಿ ಇಡಿಸುವುದು ನನ್ನ ಕೆಲಸ. ಒಂದು ಜುಲೈಯಲ್ಲಿ ಮಳೆ ಬಿಡದೆ ಹೊಯ್ಯುತ್ತಿತ್ತು. ಸ್ಟೋರಿನಲ್ಲಿದ್ದ ಆಲೂಗಡ್ಡೆಗೆಲ್ಲ ಮೊಳಕೆ, ಚೀಲದ ಅಡಿಯಲ್ಲಿ ಕೊಳೆತ ವಾಸನೆ. ಹಾಳಾಗುವುದು ಬೇಡ ಅಂತ ನಾನೇ ಹೇಳಿ, ಬಂದರಿನ ಸಗಟು ಮಾರುಕಟ್ಟೆಯಿಂದ ಹೊಸದಾಗಿ ಬಂದ ಐದು ಚೀಲಗಳನ್ನು ಕೋಲ್ಡ್ ರೂಮಿಗೆ ಹಾಕಿಸಿದೆ. ಅಲ್ಲಿ 4 ಡಿಗ್ರಿ ಇರುತ್ತದೆ. ಮೊಳಕೆ ನಿಂತಿತು, ನನಗೂ ಸಮಾಧಾನವಾಯಿತು.

ಎರಡು ವಾರ ಕಳೆದ ಮೇಲೆ ಫಿಂಗರ್ ಚಿಪ್ಸ್ ಟೇಬಲ್‌ನಿಂದ ವಾಪಸ್ ಬರಲು ಶುರುವಾಯಿತು. ಎಣ್ಣೆಗೆ ಬಿದ್ದು ಮೂರು ನಿಮಿಷ ಆಗುವುದರೊಳಗೆ ಅಂಚುಗಳು ಕಾಫಿ ಬಣ್ಣಕ್ಕೆ ತಿರುಗುತ್ತಿದ್ದವು. ಮುರಿದು ನೋಡಿದರೆ ಒಳಗೆ ಇನ್ನೂ ಗಟ್ಟಿ. ಬಾಯಿಗೆ ಹಾಕಿದರೆ ಮೊದಲು ಸಣ್ಣ ಸಿಹಿ, ಆಮೇಲೆ ಕಹಿ.

"ಎಣ್ಣೆ ಹೊಸತೇ ಉಂಟಲ್ಲ ಅಕ್ಕ, ಮತ್ತೆ ಯಾಕೆ ಹೀಗಾಗುದು?" ಫ್ರೈಯರ್ ನೋಡಿಕೊಳ್ಳುವ ಹುಡುಗ ಕೇಳಿದ. ಎಣ್ಣೆ ನಿಜವಾಗಿಯೂ ಚೆನ್ನಾಗಿತ್ತು. ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಳೆಯುವ ಮೀಟರ್ ನಮ್ಮಲ್ಲಿದೆ, ಅದು ಕಾನೂನಿನ ಮಿತಿಯಾದ 25 ಶೇಕಡಕ್ಕಿಂತ ತುಂಬಾ ಕೆಳಗೆ ತೋರಿಸುತ್ತಿತ್ತು. ಥರ್ಮಾಮೀಟರ್ ಇಟ್ಟರೆ ಎಣ್ಣೆಯ ಬಿಸಿ 188. ಇದೇ ಕಾರಣ ಅಂದುಕೊಂಡು 170ಕ್ಕೆ ಇಳಿಸಿದೆವು. ಕಪ್ಪಾಗುವುದು ಸ್ವಲ್ಪ ತಡವಾಯಿತು, ನಿಲ್ಲಲಿಲ್ಲ.

ಅಷ್ಟರಲ್ಲಿ ಆ ದಿನ ಬೆಳಗ್ಗೆ ಬಂದ ಚೀಲವೊಂದು ಹಿಂಬಾಗಿಲ ಹತ್ತಿರ ಹಾಗೇ ಇತ್ತು. ಅದರಿಂದ ಎರಡು ಗಡ್ಡೆ, ಕೋಲ್ಡ್ ರೂಮಿನಿಂದ ಎರಡು ಗಡ್ಡೆ ತೆಗೆದು ಒಂದೇ ದಪ್ಪಕ್ಕೆ ಕತ್ತರಿಸಿ ಒಂದೇ ಎಣ್ಣೆಗೆ ಹಾಕಿಸಿದೆ. ಒಂದೇ ಹೊತ್ತಿಗೆ ತೆಗೆದಾಗ ಒಂದು ಬುಟ್ಟಿಯಲ್ಲಿ ಬಾಳೆಹಣ್ಣಿನ ಸಿಪ್ಪೆಯಂಥ ಹಳದಿ, ಇನ್ನೊಂದರಲ್ಲಿ ಬೆಲ್ಲದ ಬಣ್ಣ. ತಪ್ಪು ಎಣ್ಣೆಯದ್ದೂ ಅಲ್ಲ, ಹುಡುಗನದ್ದೂ ಅಲ್ಲ. ನಾನು ಚೀಲ ಇಡಿಸಿದ ಜಾಗದ್ದು.

ಆಲೂಗಡ್ಡೆ ಜೀವ ಇರುವ ಗಡ್ಡೆ. ಸುಮಾರು 6 ಡಿಗ್ರಿಗಿಂತ ಕೆಳಗೆ ಇಟ್ಟರೆ ಅದು ತನ್ನ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಹೀಗೆ ಹುಟ್ಟುವ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಕರಿಯುವಾಗ ಬೇಗ ಕಂದು ಬಣ್ಣಕ್ಕೆ ತಿರುಗುತ್ತವೆ. ಬಣ್ಣ ಮಾತ್ರ ಆಗಿದ್ದರೆ ಅಷ್ಟು ಚಿಂತೆ ಇರಲಿಲ್ಲ. ಆಲೂಗಡ್ಡೆಯಲ್ಲಿ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುತ್ತದೆ. 120 ಡಿಗ್ರಿ ದಾಟಿದ ಮೇಲೆ ಅದೂ ಈ ಸಕ್ಕರೆಯೂ ಸೇರಿ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಆಗುತ್ತದೆ. ನೀರಿನಲ್ಲಿ ಬೇಯಿಸಿದರೆ ಬಿಸಿ ನೂರು ದಾಟುವುದಿಲ್ಲ, ಹಾಗಾಗಿ ಮಸಾಲೆ ದೋಸೆಯ ಪಲ್ಯಕ್ಕೆ ಈ ತೊಂದರೆ ಇಲ್ಲ. ಚಿಪ್ಸಿನಲ್ಲೂ ಮೇಲ್ಮೈ ಒದ್ದೆ ಇರುವಷ್ಟು ಹೊತ್ತು ಅದು ಹೆಚ್ಚು ಹುಟ್ಟುವುದಿಲ್ಲ. ನೀರು ಆರಿ, ಎಣ್ಣೆಯ ಗುಳ್ಳೆ ಕಡಿಮೆಯಾಗುವ ಆ ಕೊನೆಯ ಒಂದೆರಡು ನಿಮಿಷದಲ್ಲಿ ಭರದಿಂದ ಏರುತ್ತದೆ. ಇನ್ನೂ ಸ್ವಲ್ಪ ಕೆಂಪಾಗಲಿ ಅಂತ ಬಿಡುವ ಅರ್ಧ ನಿಮಿಷವೇ ಇಲ್ಲಿ ದೊಡ್ಡದು.

ಇದು ಗೊತ್ತಾದ ಬಗೆಯೇ ವಿಚಿತ್ರ. 1997ರಲ್ಲಿ ಸ್ವೀಡನ್ನಿನ ಹಾಲಂಡ್ಸೋಸ್ ಬೆಟ್ಟದ ಸುರಂಗ ಕೊರೆಯುವಾಗ ಬಿರುಕು ಮುಚ್ಚಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ನೀರಿಗೆ ಸೇರಿ ದನಗಳೂ ಕೆಲಸಗಾರರೂ ತೊಂದರೆಗೆ ಸಿಕ್ಕಿದರು. ಅವರ ರಕ್ತ ಪರೀಕ್ಷಿಸುವಾಗ ಹೋಲಿಕೆಗೆ ಅಂತ ವಿಜ್ಞಾನಿಗಳು ಬೇರೆಯವರ ರಕ್ತವನ್ನೂ ನೋಡಿದರು. ಸುರಂಗದ ಹತ್ತಿರವೇ ಹೋಗದವರಲ್ಲೂ ಅದರ ಗುರುತು ಇತ್ತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕರಿದ, ಸುಟ್ಟ ಆಹಾರ. 2002ರ ಏಪ್ರಿಲ್‌ನಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುತ್ತದೆ. ಊಟದ ಮೂಲಕ ಮನುಷ್ಯರಿಗೆ ಎಷ್ಟು ಅಪಾಯ ಅನ್ನುವುದು ಇನ್ನೂ ಖಚಿತವಾಗಿಲ್ಲ. ಆದರೂ ಸುಲಭವಾಗಿ ಕಡಿಮೆ ಮಾಡಬಹುದಾದ್ದನ್ನು ದಿನಾ ನೂರಾರು ತಟ್ಟೆಗೆ ಸುಮ್ನೆ ಬಡಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಚಿಪ್ಸ್ ತಿನ್ನುವವರಲ್ಲಿ ಮಕ್ಕಳೇ ಜಾಸ್ತಿ.

ಈಗ ಆಲೂಗಡ್ಡೆ ಕೋಲ್ಡ್ ರೂಮಿಗೂ ಹೋಗುವುದಿಲ್ಲ, ಫ್ರಿಜ್ಜಿಗೂ ಹೋಗುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪವೇ ತರಿಸುತ್ತೇವೆ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ, ನೆಲ ಬಿಟ್ಟು ಹಲಗೆಯ ಮೇಲೆ ಇಡುತ್ತೇವೆ. ಬೆಳಕು ಬಿದ್ದರೆ ಹಸಿರಾಗುತ್ತದೆ, ಜೊತೆಗೆ ಬೇರೆಯೇ ವಿಷ ಹುಟ್ಟುತ್ತದೆ. ಸಿಹಿಯಾದ ಗಡ್ಡೆಯನ್ನು ಹೊರಗೆ ಇಟ್ಟರೆ ಸಕ್ಕರೆ ಸ್ವಲ್ಪ ಇಳಿಯುತ್ತದೆ, ಆದರೆ ಎರಡು ಮೂರು ವಾರ ಬೇಕು. ನಮ್ಮ ಸೆಕೆಗೆ ಅಷ್ಟರಲ್ಲಿ ಕೊಳೆಯುತ್ತದೆ. ಆ ಐದು ಚೀಲವನ್ನು ನಾನು ಪಲ್ಯಕ್ಕೂ ಸಾಂಬಾರಿಗೂ ತಿರುಗಿಸಿದೆ.

ಹೊಸ ಚೀಲ ಬಂದಾಗಲೂ ಅದು ಹಿಂದೆ ಎಲ್ಲಿತ್ತು ಅಂತ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೆ ಮೂತ್ರದಲ್ಲಿ ಸಕ್ಕರೆ ನೋಡುವ ಪಟ್ಟಿಯನ್ನು ಮೆಡಿಕಲ್ ಅಂಗಡಿಯಿಂದ ತಂದಿಟ್ಟಿದ್ದೇನೆ. ಗಡ್ಡೆಯನ್ನು ಅಡ್ಡ ಕತ್ತರಿಸಿ, ಒದ್ದೆ ಮುಖಕ್ಕೆ ಪಟ್ಟಿ ಒತ್ತಿ, ಡಬ್ಬಿಯಲ್ಲಿ ಹೇಳಿದಷ್ಟು ಸೆಕೆಂಡ್ ಕಾದು ಬಣ್ಣ ನೋಡುವುದು. ಬಣ್ಣ ಗಾಢವಾದರೆ ಆ ಚೀಲ ಫ್ರೈಯರಿಗೆ ಇಲ್ಲ. ಅದು ಗ್ಲೂಕೋಸನ್ನು ಮಾತ್ರ ತೋರಿಸುತ್ತದೆ, ಫ್ರಕ್ಟೋಸನ್ನಲ್ಲ, ಆದರೂ ಚೀಲ ಬೇರ್ಪಡಿಸಲು ಸಾಕು. ಪ್ರತಿ ಚೀಲದಿಂದ ಮೂರು ಗಡ್ಡೆಯಾದರೂ ನೋಡಬೇಕು.

ಕತ್ತರಿಸಿದ ಮೇಲೆ ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸುತ್ತೇವೆ, ನಡುವೆ ಒಮ್ಮೆ ನೀರು ಬದಲಿಸುತ್ತೇವೆ. ಮೇಲಿನ ಸಕ್ಕರೆ ನೀರಿಗೆ ಇಳಿಯುತ್ತದೆ. ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ಅರ್ಧ ಗಂಟೆ ನೆನೆಸಿದ್ದಕ್ಕೇ ಅಕ್ರಿಲಮೈಡ್ ಸುಮಾರು 38 ಶೇಕಡ ಇಳಿದಿತ್ತು, ಅದೂ ತಿಳಿ ಬಣ್ಣಕ್ಕೆ ಕರಿದಾಗ. ನೆನೆಸಿ ಆಮೇಲೆ ಕಂದು ಬಣ್ಣ ಬರುವವರೆಗೆ ಕರಿದರೆ ನೆನೆಸಿದ್ದು ದಂಡ. ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಬೇಕು, ಇಲ್ಲದಿದ್ದರೆ ಎಣ್ಣೆ ಸಿಡಿದು ಕೈ ಸುಡುತ್ತದೆ.

ಗರಿಗರಿ ಬೇಕಾದ್ದಕ್ಕೆ ಎರಡು ಸಲ ಕರಿಯುತ್ತೇವೆ. ಮೊದಲು 150ರಲ್ಲಿ ಒಳಗೆ ಬೇಯುವಷ್ಟು, ಬಣ್ಣ ಬರುವ ಮೊದಲೇ ತೆಗೆದು ಆರಲು ಬಿಟ್ಟು, ಆಮೇಲೆ 170ರಲ್ಲಿ ಎರಡು ನಿಮಿಷದ ಆಸುಪಾಸು. ಹತ್ತು ಲೀಟರ್ ಎಣ್ಣೆಗೆ ಒಂದು ಕಿಲೋಗಿಂತ ಹೆಚ್ಚು ಹಾಕುವುದಿಲ್ಲ. ಹೆಚ್ಚಾದರೆ ಎಣ್ಣೆ ತಣಿಯುತ್ತದೆ, ಹುಡುಗರು ಉರಿ ಏರಿಸುತ್ತಾರೆ, ಮತ್ತೆ 190.

ಪಕ್ಕದ ಕೆಂಡದ ಒಲೆಯಲ್ಲಿ ಅಲ್‌ಫಹಾಮ್ ಚಿಕನ್ ಸುಡುತ್ತೇವೆ. ಅಲ್ಲಿನ ಕಪ್ಪು ಬೇರೆ ಜಾತಿಯದ್ದು. ಮಾಂಸದಲ್ಲಿರುವ ಕ್ರಿಯಾಟಿನ್ ಅಮೈನೋ ಆಮ್ಲಗಳ ಜೊತೆ ಜೋರು ಬಿಸಿಗೆ ಸೇರಿ ಒಂದು ಬಗೆಯ ಹಾನಿಕರ ವಸ್ತು ಆಗುತ್ತದೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ಹಾನಿಕರ ವಸ್ತುಗಳು ಇರುತ್ತವೆ, ಅವು ಮಾಂಸಕ್ಕೇ ಅಂಟುತ್ತವೆ. ಸುಟ್ಟ ಚೂರು ಕೆರೆದು ತೆಗೆದರೆ ಎಲ್ಲ ಹೋಗುವುದಿಲ್ಲ. ಹಾಗಾಗಿ ಚರ್ಮ, ಕೊಬ್ಬು ಮೊದಲೇ ತೆಗೆದು, ಕೋಳಿಯನ್ನು ಹಬೆಯಲ್ಲಿ ಮುಕ್ಕಾಲು ಬೇಯಿಸಿ, ಇಳಿದ ರಸವನ್ನು ಬೇರೆ ಮಾಡಿ, ಆಮೇಲೆ ಒಲೆಗೆ ಏರಿಸುತ್ತೇವೆ. ಕೆಂಡವನ್ನು ಎರಡು ಬದಿಗೆ ಸರಿಸಿ ತುಂಡನ್ನು ನಡುವೆ ಇಡುತ್ತೇವೆ, ನಿಮಿಷಕ್ಕೊಮ್ಮೆ ತಿರುಗಿಸುತ್ತೇವೆ. ಕೊಬ್ಬು ಬಿದ್ದು ಜ್ವಾಲೆ ಎದ್ದರೆ ತುಂಡನ್ನು ಆಚೆ ಎತ್ತುವುದು.

ಫ್ರೈಯರಿನ ಪಕ್ಕದ ಗೋಡೆಗೆ ಆ ದಿನದ ಎರಡು ಬುಟ್ಟಿಗಳ ಫೋಟೋ ಅಂಟಿಸಿದ್ದೇನೆ. ಹೊಸ ಹುಡುಗ ಬಂದರೆ ಹಳಬನೇ ಹಳದಿ ಬುಟ್ಟಿಗೆ ಬೆರಳಿಟ್ಟು ಹೇಳುತ್ತಾನೆ, "ಇಷ್ಟು ಬಣ್ಣ ಬಂದ ಕೂಡಲೇ ತೆಗಿ ಮಾರಾಯ, ಮತ್ತೆ ಕಾಯ್ಬೇಡ."