ಔಷಧಿ ಕುಡಿಸಿ 20 ದಿನ ಆಗಿತ್ತಷ್ಟೇ

"ಔಷಧಿ ಕುಡಿಸಿ ಇನ್ನೂ 20 ದಿನ ಆಗಿಲ್ಲ ಸಾರ್, ಮತ್ತೆ ಜಂತು ಅಂತೀರಲ್ಲ?" ಈ ವಾರವೆಲ್ಲ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿರುವುದು ಇದೇ ಮಾತು. ಆಡಿದ ಕುರಿಗಾರರು ಸೋಮಾರಿಯಲ್ಲ, ದಿನಾಂಕ ಬರೆದಿಟ್ಟುಕೊಳ್ಳುವ ಮನುಷ್ಯ. ಆದರೆ ಒಂದು ಬಾಟಲಿ ಎಲ್ಲ ಜಂತಿಗೂ ಆಗುತ್ತದೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಕೂತಿತ್ತು.

ಮೇದು ಬಂದ ಕುರಿಯ ದವಡೆಯ ಕೆಳಗೆ ನೀರು ತುಂಬಿದ ಚೀಲ ಜೋತುಬಿದ್ದ ಹಾಗಿತ್ತು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯಿತು. ಬಿಸಿ ಇಲ್ಲ, ನೋವಿಲ್ಲ, ಜ್ವರವೂ ಇಲ್ಲ. ಗಳಲೆ ರೋಗವಾಗಿದ್ದರೆ ಬಾವು ಸುಡುತ್ತಿತ್ತು, ಉಸಿರು ಕಟ್ಟುತ್ತಿತ್ತು. ಇಲ್ಲಿ ಕಣ್ಣಿನ ಒಳರೆಪ್ಪೆ ಬೆಳ್ಳಗೆ ಕಾಗದದಂತಿತ್ತು. ಯಕೃತ್ತಿನ ಹುಳು ಪಿತ್ತನಾಳದಲ್ಲಿ ಕೂತು ರಕ್ತ ಹೀರಿದಾಗ ರಕ್ತದ ಪ್ರೋಟೀನು ಕುಸಿಯುತ್ತದೆ, ನಾಳಗಳಲ್ಲಿ ನೀರು ನಿಲ್ಲದೆ ಹೊರಗೆ ಜಿನುಗುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯುವ ಪ್ರಾಣಿಯಲ್ಲಿ ಅದು ಇಳಿಯುವುದು ಗದ್ದಕ್ಕೆ. ಹೊಟ್ಟೆಯಲ್ಲಿ ರಕ್ತ ಹೀರುವ ದುಂಡುಜಂತಿನಿಂದಲೂ ಇದೇ ಬಾವು ಬರುತ್ತದೆ, ಹಾಗಾಗಿ ಗದ್ದ ನೋಡಿ ತೀರ್ಪು ಕೊಡುವಂತಿಲ್ಲ.

ಹಿಂದಿನ ದಿನ ಸತ್ತ ಕುರಿಯ ಯಕೃತ್ತನ್ನು ಕೊಯ್ದಾಗ ವಿಷಯ ತಿಳಿಯಿತು. ದಪ್ಪಗಟ್ಟಿದ ಪಿತ್ತನಾಳ ಹಿಂಡಿದರೆ ಎಲೆಯಂಥ ಚಪ್ಪಟೆ ಹುಳುಗಳು ಜಾರಿ ಬಂದವು. ಮಾಂಸದೊಳಗೆ ಬೇರೆ, ಕೆಲವೇ ಮಿಲಿಮೀಟರಿನ ಮರಿಗಳು ಕೆಂಪು ಸುರಂಗ ಕೊರೆಯುತ್ತಿದ್ದವು. ದೊಡ್ಡವೂ ಬದುಕಿದ್ದವು, ಮರಿಗಳೂ ಬದುಕಿದ್ದವು. ಯಾಕೆ?

ಅವರು ಕುಡಿಸಿದ್ದು 2.5% ಆಲ್ಬೆಂಡಜೋಲ್, 30 ಕಿಲೋ ಕುರಿಗೆ 6 ಮಿಲಿ. ಅಂದರೆ 150 ಮಿಲಿಗ್ರಾಂ, ಕಿಲೋಗೆ 5. ದುಂಡುಜಂತಿಗೆ ಅದು ಸರಿ. ಯಕೃತ್ತಿನ ಹುಳುವಿಗೆ ಕಿಲೋಗೆ 7.5 ಬೇಕು, ಅಂದರೆ 9 ಮಿಲಿ. ಅಷ್ಟು ಕೊಟ್ಟಿದ್ದರೂ ಸಾಯುತ್ತಿದ್ದದ್ದು ದೊಡ್ಡ ಹುಳು ಮಾತ್ರ. ಹುಲ್ಲಿನಿಂದ ಹೊಟ್ಟೆ ಸೇರಿದ ಮರಿ ಕರುಳು ತೂತು ಮಾಡಿ ಯಕೃತ್ತಿಗೆ ನುಗ್ಗಿ 6-8 ವಾರ ಮಾಂಸ ಕೊರೆಯುತ್ತದೆ, ಆಮೇಲಷ್ಟೇ ಪಿತ್ತನಾಳ ಸೇರುತ್ತದೆ. ಆ ಹೊತ್ತಿನಲ್ಲಿ ಅದಕ್ಕೆ ಮುಟ್ಟುವ ಮದ್ದು ಟ್ರೈಕ್ಲಾಬೆಂಡಜೋಲ್. ಕುರಿಗೆ ಕಿಲೋಗೆ 10 ಮಿಲಿಗ್ರಾಂ, ದನಕ್ಕೆ 12. ಆಕ್ಸಿಕ್ಲೋಜನೈಡ್ ಕೂಡ ಬಲಿತ ಹುಳುವಿಗಷ್ಟೇ. ಐವರ್‌ಮೆಕ್ಟಿನ್ ಈ ಹುಳುವಿಗೆ ತಾಗುವುದೇ ಇಲ್ಲ. "ಹಾಗಾದ್ರೆ ಹಿಕ್ಕೆ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದ್ರಲ್ಲ ಆವಾಗ?" ಎಂದರು. ಹುಳು ಮೊಟ್ಟೆ ಇಡಲು ಶುರು ಮಾಡುವುದೇ 10-12 ವಾರಕ್ಕೆ. ಅದಕ್ಕೆ ಮೊದಲು ಮಾಡಿದ ಪರೀಕ್ಷೆಯಲ್ಲಿ ಸಿಗುವುದಾದರೂ ಏನು?

ಕೆರೆಯಂಚಿಗೆ ಕರೆದೊಯ್ದು ಬಸವನಹುಳು ತೋರಿಸಿದೆ. ತುದಿ ಮೇಲಕ್ಕೆ ಮಾಡಿ, ಬಾಯಿ ನಮ್ಮ ಕಡೆಗೆ ಹಿಡಿದರೆ ಬಲಕ್ಕೆ ತೆರೆಯುವ, ಮುಚ್ಚಳವಿಲ್ಲದ ಸಣ್ಣ ಚಿಪ್ಪು ಇದರ ಮನೆ. ಸಗಣಿಯ ಮೊಟ್ಟೆ ನೀರಿಗೆ ಬಿದ್ದು ಒಡೆದು ಮರಿ ಇದರೊಳಗೆ ಹೊಕ್ಕರೆ, ಒಂದು ನೂರಾಗಿ ಹೊರಬಂದು ಹುಲ್ಲಿಗೆ ಅಂಟಿ ಗೂಡು ಕಟ್ಟುತ್ತದೆ. ಬೆಚ್ಚಗಿನ ಹವೆಯಲ್ಲಿ ಇಷ್ಟಕ್ಕೆ ಸುಮಾರು ಎರಡು ತಿಂಗಳು. ಅಂದರೆ ಮಳೆಯ ಮೊದಲಲ್ಲಿ ಬಿದ್ದ ಮೊಟ್ಟೆ ಮಳೆಯ ಕೊನೆಗೆ ಹುಲ್ಲಿನ ಮೇಲೆ. ನೀರು ಇಳಿದ ಅಂಚಿನ ಹಸಿರು ಎಳೆಹುಲ್ಲಿಗೆ ಕುರಿ ಓಡುವುದು ಆಗಲೇ.

ಔಷಧಿಯ ಕ್ಯಾಲೆಂಡರ್ ನಿಲ್ಲುವುದು ಈ ಲೆಕ್ಕದ ಮೇಲೆ. ಮಳೆ ನಿಂತ ಕೆಲವು ವಾರಕ್ಕೆ ಮರಿಹುಳುವನ್ನೂ ಕೊಲ್ಲುವ ಮದ್ದು; ಬೇಸಿಗೆ ನಡುವೆ ಬಲಿತದ್ದಕ್ಕೆ ಇನ್ನೊಂದು; ಮಳೆಗೆ ಸ್ವಲ್ಪ ಮುಂಚೆ ಮೂರನೆಯದು, ಬಸವನಹುಳುವಿಗೆ ಮೊಟ್ಟೆ ಸಿಗದ ಹಾಗೆ. ಕಣ್ಣಂದಾಜಿನಲ್ಲಿ ಕುಡಿಸುವ ಬದಲು ಮಂದೆಯ ಒಂದೆರಡು ಕುರಿಯನ್ನಾದರೂ ತೂಗಿ. ಆಲ್ಬೆಂಡಜೋಲನ್ನು ಗಬ್ಬದ ಮೊದಲ ತಿಂಗಳಲ್ಲಿ ಕೊಡಬಾರದು. ಜೊತೆಯ ಹಸುಗಳನ್ನು ಮರೆಯುವುದು ಇನ್ನೊಂದು ತಪ್ಪು: ಗದ್ದ ಊದದಿದ್ದರೂ ಸೊರಗುತ್ತ, ಹಾಲು ಇಳಿಸುತ್ತ ಕೆರೆಗೆ ಮೊಟ್ಟೆ ಸುರಿಯುತ್ತಿರುತ್ತವೆ. ಹಾಲು ಕೊಡುವವಕ್ಕೆ ಯಾವ ಮದ್ದು, ಎಷ್ಟು ದಿನ ಹಾಲು ಬಿಡಬೇಕು ಎನ್ನುವುದನ್ನು ಲೇಬಲ್ ನೋಡಿಯೇ ತೀರ್ಮಾನಿಸಬೇಕು.

ಕುಡಿಸಿದ ಮರುದಿನ ಬೆಳಿಗ್ಗೆ ಫೋನ್ ಬಂತು. "ಬಾವು ಇಳಿದೇಹೋಗಿದೆ ಸಾರ್, ಭಾರೀ ಮದ್ದು!" ರಾತ್ರಿಯೆಲ್ಲ ತಲೆ ತಗ್ಗಿಸದೆ ಮಲಗಿದ ಕುರಿಯಲ್ಲಿ ಬೆಳಿಗ್ಗೆ ಗದ್ದ ಇಳಿದೇ ಇರುತ್ತದೆ, ಮದ್ದಿಗೂ ಅದಕ್ಕೂ ಸಂಬಂಧವಿಲ್ಲ. "ಸಂಜೆ ಮೇದು ಬಂದ ಮೇಲೆ ನೋಡಿ ಹೇಳಿ" ಎಂದೆ. ಸಂಜೆ ಫೋನ್ ಬರಲಿಲ್ಲ.