ಆರು ಸಾವಿರ ರೂಪಾಯಿ, ಇಪ್ಪತ್ತೈದು ನಿಮಿಷ: ಹಳೆಯ ಹಾರ್ಮೋನಿಯಂ ಮನೆಗೆ ಬಂದ ಬಗೆ

ಡೊಂಬಿವಲಿಯ ಮನೆಯಿಂದ ಬೆಳಿಗ್ಗೆ ಏಳೂವರೆಗೆ ಹೊರಟು, ಮುಂಬೈಯ ಫೋರ್ಟಿನಲ್ಲಿರುವ ಕಚೇರಿ ಮುಗಿಸಿ ರಾತ್ರಿ ಎಂಟೂಮುಕ್ಕಾಲಿಗೆ ಮರಳುವ ನನಗೆ, ಊಟವಾದ ಮೇಲೆ ಅಕ್ಕಪಕ್ಕದವರು ಮಲಗುವ ಮುನ್ನ ಉಳಿಯುವುದು ಇಪ್ಪತ್ತೈದು ನಿಮಿಷ ಮಾತ್ರ. ನಲವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ವಾದ್ಯವನ್ನು ಕಲಿಯಬೇಕೆಂದು ಹೊರಟಾಗ ಮನೆಯಲ್ಲಿ ಒಪ್ಪಿಗೆಯಾದ ಮೊತ್ತ 6,000 ರೂಪಾಯಿ, ದುರಸ್ತಿಯೂ ಅದರೊಳಗೇ. ಗುರಿಯೂ ದೊಡ್ಡದೇನಲ್ಲ: ನಮ್ಮ ಭಜನಾ ಮಂಡಳಿಯ ಶನಿವಾರದ ಕೂಟದಲ್ಲಿ ದಾಸರ ಪದಗಳಿಗೆ ಜೊತೆಗೂಡುವಷ್ಟು ಕೈ ಓಡಿದರೆ ಸಾಕು. ಹನ್ನೊಂದು ವಾರಗಳಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಗಳನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

ಮೊದಲ ಮೂರು ವಾರ: ಕೊಳಲು

ಅಗ್ಗ, ಹಗುರ, ಚೀಲದಲ್ಲಿ ಹಿಡಿಯುತ್ತದೆ ಎಂಬ ಮೂರು ಕಾರಣಗಳಿಗಾಗಿ ಮೊದಲು ತಂದದ್ದು 350 ರೂಪಾಯಿಯ, ಒಂದೂವರೆ ಅಡಿ ಉದ್ದದ ಬಿದಿರಿನ ಬಾನ್ಸುರಿ. ನಾದ ಹೊರಡುವುದಕ್ಕೇ ಐದು ದಿನ ಹಿಡಿಯಿತು. ಅದು ನಿರೀಕ್ಷಿತವೇ ಆಗಿತ್ತು. ತೊಡಕು ಆಮೇಲೆ ಬಂತು. ಆರೂ ರಂಧ್ರಗಳನ್ನು ಮುಚ್ಚಿದಾಗ ಕೆಳಗಿನ ಸ್ವರ ಒಮ್ಮೆ ಬರುತ್ತಿತ್ತು, ಒಮ್ಮೆ ಬರಿಯ ಗಾಳಿಯಾಗುತ್ತಿತ್ತು. ಮೇಲಿನ ಷಡ್ಜವಂತೂ ಎಷ್ಟು ಊದಿದರೂ ತುಸು ಕೆಳಗೇ ನಿಲ್ಲುತ್ತಿತ್ತು. ಬೆರಳು ರಂಧ್ರವನ್ನು ಪೂರ್ತಿ ಮುಚ್ಚದಿದ್ದರೂ ಹೀಗಾಗುತ್ತದೆ, ತುಟಿಯ ಕೋನ ತಪ್ಪಿದರೂ ಹೀಗಾಗುತ್ತದೆ, ಕೊಳಲನ್ನೇ ಸರಿಯಾಗಿ ಕೊರೆಯದಿದ್ದರೂ ಹೀಗಾಗುತ್ತದೆ. ಈ ಮೂರರಲ್ಲಿ ಯಾವುದೆಂದು ಹೇಳಲು ಕೊಳಲು ಊದಲು ಬರಬೇಕು, ನನಗೆ ಬರುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಗೊಂದಲವಿತ್ತು. ಮೈಸೂರಿನಲ್ಲಿರುವ ನನ್ನ ಹೆಂಡತಿಯ ಸೋದರಮಾವ ಫೋನಿನಲ್ಲಿ ಹೇಳಿಕೊಟ್ಟ ಪ್ರಕಾರ ಮೊದಲ ಎರಡು ರಂಧ್ರ ಮುಚ್ಚಿದರೆ ಷಡ್ಜ; ಇಲ್ಲಿನ ಬಾನ್ಸುರಿಯವರು ಹೇಳುವಂತೆ ಮೂರು ಮುಚ್ಚಿದರೆ ಷಡ್ಜ. ಇಬ್ಬರೂ ಹೇಳಿದ್ದು ಸರಿಯೇ: ಅವರದು ಎಂಟು ರಂಧ್ರಗಳ ಕರ್ನಾಟಕ ಸಂಗೀತದ ಕೊಳಲು, ನನ್ನ ಕೈಯಲ್ಲಿದ್ದದ್ದು ಆರು ರಂಧ್ರಗಳ ಹಿಂದೂಸ್ತಾನಿ ಬಾನ್ಸುರಿ. ಇದು ಗೊತ್ತಾಗುವ ಹೊತ್ತಿಗೆ ಒಂದು ವಾರ ಕಳೆದಿತ್ತು.

ಮೂರನೆಯ ಶನಿವಾರ ಮಂಡಳಿಯ ಹಿರಿಯರೊಬ್ಬರು ಅದೇ ಕೊಳಲನ್ನು ತೆಗೆದುಕೊಂಡು ಎರಡು ನಿಮಿಷ ಊದಿದರು. ಕೆಳಗಿನ ಸ್ವರ ತುಂಬಿಕೊಂಡು ಬಂತು, ಅಂದರೆ ಅಲ್ಲಿ ತಪ್ಪು ನನ್ನ ಬೆರಳಿನದು. ಮೇಲಿನ ಷಡ್ಜ ಮಾತ್ರ ಅವರ ಉಸಿರಿಗೂ ಕೆಳಗೇ ಉಳಿಯಿತು. "ಇದರ ಮೇಲೆ ಅಭ್ಯಾಸ ಮಾಡಿದರೆ ಕಿವಿ ಕೆಡುತ್ತದೆ, ಬಿಟ್ಟುಬಿಡಿ" ಎಂದರು. ಒಳ್ಳೆಯ ಕೊಳಲು ಸಾವಿರ-ಒಂದೂವರೆ ಸಾವಿರಕ್ಕೆ ಸಿಗುತ್ತದೆ, ಅದು ನನ್ನ ಮಿತಿಯೊಳಗೇ ಇತ್ತು. ಆದರೂ ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗೆ: ಗುರುವಿನ ಹತ್ತಿರ ವಾರಕ್ಕೊಮ್ಮೆಯಾದರೂ ಹೋಗಲು ಸಮಯವಿಲ್ಲದವನು, ನುಡಿಸಲು ಬಾರದಿದ್ದರೂ ಪರೀಕ್ಷಿಸಿ ದೋಷವನ್ನು ಕಂಡುಹಿಡಿಯಬಹುದಾದ ವಾದ್ಯವನ್ನೇ ಕೊಳ್ಳಬೇಕು.

ನಾಲ್ಕನೆಯ ವಾರ: ಕೀಬೋರ್ಡ್

ತಂಗಿಯ ಮಗನ ಚಿಕ್ಕ ಕೀಬೋರ್ಡನ್ನು ಒಂದು ವಾರ ಇಟ್ಟುಕೊಂಡಿದ್ದೆ. ಹೆಡ್‌ಫೋನ್ ಹಾಕಿಕೊಂಡರೆ ಮಧ್ಯರಾತ್ರಿಯೂ ನುಡಿಸಬಹುದು, ಶ್ರುತಿ ಎಂದೂ ಕೆಡುವುದಿಲ್ಲ. ತಡರಾತ್ರಿ ಮಾತ್ರ ಬಿಡುವಿರುವವರಿಗೆ ಇದಕ್ಕಿಂತ ಸರಿಯಾದುದು ಇಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ಅದರ ಒತ್ತುವ ಮನೆಗಳು ಮಕ್ಕಳ ಬೆರಳಿನ ಅಳತೆಯವು. ಪೂರ್ಣ ಅಳತೆಯ ಮನೆಗಳಿರುವುದನ್ನು ಸ್ಟ್ಯಾಂಡಿನ ಸಮೇತ ಕೇಳಿದಾಗ ನನ್ನ ಮೊತ್ತ ದಾಟಿತು. ಭಜನೆಯ ಕೂಟದಲ್ಲಿ ಪ್ಲಗ್ ಹುಡುಕುತ್ತಾ ಕೂರುವ ಮನಸ್ಸೂ ಇರಲಿಲ್ಲ.

ಐದು ಮತ್ತು ಆರನೆಯ ವಾರ: ಮೂರು ಹಾರ್ಮೋನಿಯಂಗಳು

ಹಾರ್ಮೋನಿಯಮ್ಮಿನಲ್ಲಿ ಗಾಳಿ ಸಾಗುವ ದಾರಿ ನೇರವಾದದ್ದು. ಹಿಂದಿನ ತಿದಿಯನ್ನು ಒತ್ತಿದಾಗ ಗಾಳಿ ಒಳಗಿನ ಸಂಗ್ರಹ ತಿದಿಗೆ ಹೋಗುತ್ತದೆ. ಮುಂದಿನ ಸ್ಟಾಪರ್‌ಗಳನ್ನು ಎಳೆದರೆ ಅಲ್ಲಿಂದ ರೀಡುಗಳ ಕೋಣೆಗೆ ಬರುತ್ತದೆ. ಯಾವ ಮನೆಯನ್ನು ಒತ್ತುತ್ತೇವೆಯೋ ಅದರಡಿಯ ಚರ್ಮದ ಮುಚ್ಚಳ ಮೇಲೆದ್ದು, ಆ ರೀಡಿನ ಮೂಲಕ ಗಾಳಿ ಹೊರಬಿದ್ದು ಸ್ವರವಾಗುತ್ತದೆ. ದಾರಿ ಹೀಗೆ ಮೂರು ತುಂಡುಗಳಾಗಿರುವುದರಿಂದ ಸೋರಿಕೆ ಎಲ್ಲಿದೆಯೆಂದು ಸಂಗೀತದ ಗಂಧವಿಲ್ಲದವನೂ ಪತ್ತೆ ಮಾಡಬಹುದು. ಮೊದಲು ಸ್ಟಾಪರ್‌ಗಳನ್ನೆಲ್ಲ ಮುಚ್ಚಿ ನಾಲ್ಕಾರು ಬಾರಿ ತಿದಿ ಒತ್ತಬೇಕು: ಸಂಗ್ರಹ ತುಂಬಿದ ಮೇಲೆ ತಿದಿ ಕೈಗೆ ಎದುರು ನಿಲ್ಲಬೇಕು. ಎದುರು ನಿಲ್ಲದೆ ಸಲೀಸಾಗಿ ಮುಚ್ಚಿಕೊಳ್ಳುತ್ತಿದ್ದರೆ ಸೋರಿಕೆ ತಿದಿಯಲ್ಲೇ ಇದೆ. ಅಲ್ಲಿ ಸರಿಯಿದ್ದರೆ, ಯಾವ ಮನೆಯನ್ನೂ ಮುಟ್ಟದೆ ಸ್ಟಾಪರ್‌ಗಳನ್ನು ತೆರೆದು ಮತ್ತೆ ಒತ್ತಬೇಕು. ಈಗ ತಿದಿ ಸಡಿಲವಾದರೆ, ಅಥವಾ ಎಲ್ಲೋ ಪಿಸುಗುಟ್ಟಿದಂತೆ ಸ್ವರ ಕೇಳಿದರೆ, ಮನೆಗಳಡಿಯ ಚರ್ಮ ಸವೆದಿದೆ ಎಂದರ್ಥ. ಮಂಡಳಿಯ ಪೆಟ್ಟಿಗೆಯ ಮೇಲೆ ಎರಡು ಸಂಜೆ ಇದನ್ನು ಅಭ್ಯಾಸ ಮಾಡಿಕೊಂಡೇ ಹಳೆಯ ಪೆಟ್ಟಿಗೆಗಳನ್ನು ನೋಡಲು ಹೊರಟೆ.

ಮೊದಲನೆಯದು ಠಾಣೆಯಲ್ಲಿ, ಹೊಸ ಪಾಲಿಶ್ ಮಾಡಿ ಹೊಳೆಯುತ್ತಿದ್ದ ಪೆಟ್ಟಿಗೆ, ಬೆಲೆ 5,500. ಸ್ಟಾಪರ್ ಮುಚ್ಚಿದಾಗ ತಿದಿ ಗಟ್ಟಿಯಾಗಿ ನಿಂತಿತು. ತೆರೆದ ಕೂಡಲೇ ಕುಸಿಯಿತು, ಮೂರು ಕಡೆ ಪಿಸುಗುಟ್ಟುವಿಕೆ ಕೇಳಿಸಿತು. ತಿದಿ ತುಂಬಿಸಿ ಒಂದು ಮನೆ ಒತ್ತಿ ಹಿಡಿದರೆ ಸ್ವರ ನಿಂತದ್ದು ಏಳು ಎಣಿಸುವವರೆಗೆ. ಮಂಡಳಿಯ ಪೆಟ್ಟಿಗೆಯಲ್ಲಿ ಇಪ್ಪತ್ತರವರೆಗೆ ನಿಲ್ಲುತ್ತಿತ್ತು. ಎಲ್ಲ ಮನೆಗಳ ಚರ್ಮ ಬದಲಿಸುವುದು ದೊಡ್ಡ ಕೆಲಸ. ಎರಡನೆಯದು ಮುಲುಂಡಿನಲ್ಲಿ, 2,800ಕ್ಕೆ. ಅದರಲ್ಲಿ ಐದು ಸ್ವರಗಳು ಹೊರಡಲೇ ಇಲ್ಲ, ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಮೂರನೆಯದು ಕಲ್ಯಾಣದಲ್ಲಿ, ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ. ಬಣ್ಣ ಮಾಸಿತ್ತು, ಒಂದು ಹಿಡಿಕೆ ಇರಲಿಲ್ಲ, ಬೆಲೆ 4,000. ಸ್ಟಾಪರ್ ಮುಚ್ಚಿದರೂ ತಿದಿ ಸಡಿಲವಾಗಿಯೇ ಇತ್ತು. ಠಾಣೆಯದಕ್ಕಿಂತ ಇದು ಕೆಟ್ಟದೆಂದು ಮೊದಲು ತೋರಿತು. ಆದರೆ ತಿದಿಯ ಮಡಿಕೆಗಳ ಸುತ್ತ ಅಂಗೈ ಹಿಡಿದಾಗ ಒಂದೇ ಮೂಲೆಯಲ್ಲಿ ಗಾಳಿ ತಾಗಿತು. ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ ಕೂಡಲೇ ತಿದಿ ಎದುರು ನಿಂತಿತು. ಸ್ಟಾಪರ್ ತೆರೆದ ಮೇಲೂ ನಿಂತಿತು. ಅಂದರೆ ಇಡೀ ಪೆಟ್ಟಿಗೆಯ ಸೋರಿಕೆ ಒಂದು ತೇಪೆಯಷ್ಟು.

ಅದಾದ ಮೇಲೆ ರೀಡುಗಳ ಸರದಿ. ಮೂವತ್ತೊಂಬತ್ತು ಮನೆ, ಎರಡು ಸಾಲು, ಒಟ್ಟು ಎಪ್ಪತ್ತೆಂಟು ರೀಡು. ಒಂದೊಂದೇ ಸಾಲಿನ ಸ್ಟಾಪರ್ ತೆರೆದು, ಪ್ರತಿ ಮನೆಯನ್ನೂ ಮೆಲ್ಲಗೆ ಒತ್ತಿ, ತಡವಾಗಿ ಹೊರಡುವ ಮತ್ತು ಗುಂಯ್‌ಗುಟ್ಟುವ ರೀಡುಗಳನ್ನು ಗುರುತು ಹಾಕಿಕೊಂಡೆ, ನಾಲ್ಕು ಸಿಕ್ಕವು. ಬಳಿಕ ಎರಡೂ ಸಾಲು ಒಟ್ಟಿಗೆ ತೆರೆದೆ. ಈ ಪೆಟ್ಟಿಗೆಯಲ್ಲಿ ಒಂದೇ ಮನೆಯಡಿಯ ಎರಡು ರೀಡುಗಳ ನಡುವೆ ಒಂದು ಸಪ್ತಕದ ಅಂತರವಿದೆ. ಅವು ಕೂಡಿದ್ದರೆ ಸ್ವರ ನಿಶ್ಚಲವಾಗಿ ನಿಲ್ಲುತ್ತದೆ, ಕೂಡದಿದ್ದರೆ ಅಲೆಯಲೆಯಾಗಿ ತೂಗುತ್ತದೆ, ಅಂತರ ಹೆಚ್ಚಿದಷ್ಟೂ ಅಲೆಗಳು ವೇಗವಾಗುತ್ತವೆ. ಇದಕ್ಕೆ ಸ್ವರಜ್ಞಾನ ಬೇಡ, ಎಣಿಸಲು ಬಂದರೆ ಸಾಕು. ಆರು ಮನೆಗಳು ತೂಗಿದವು, ಎರಡು ಜೋರಾಗಿಯೇ. ಫೋನಿನ ಟ್ಯೂನರ್ ನೋಡಿದರೆ ಇಡೀ ಪೆಟ್ಟಿಗೆ ಪ್ರಮಾಣಕ್ಕಿಂತ ತುಸು ಮೇಲಿತ್ತು. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ಒಬ್ಬನೇ ನುಡಿಸುವವನಿಗೆ ಅದು ದೋಷವೇ ಅಲ್ಲ. ಕೊಳಲಿನವರ ಜೊತೆ ಕೂತಾಗ ಮಾತ್ರ ತೊಂದರೆ.

ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಶಿಕ್ಷಕರ ಮನೆಯವರು ಎರಡು ಬಾರಿ ಚಹಾ ಕೊಟ್ಟರು, ಎರಡನೆಯದನ್ನು ಕೊಡುವಾಗ ನಾನು ಕೊಳ್ಳಲು ಬಂದವನೋ ಬಿಚ್ಚಲು ಬಂದವನೋ ಎಂಬ ಸಂಶಯ ಅವರ ಮುಖದಲ್ಲಿ ಕಾಣುತ್ತಿತ್ತು. 3,800ಕ್ಕೆ ವ್ಯವಹಾರ ಮುಗಿಯಿತು.

ಏಳನೆಯ ವಾರ: ದುರಸ್ತಿ

ತಿದಿಗೆ ತೇಪೆ, ನಾಲ್ಕು ರೀಡುಗಳ ಸ್ವಚ್ಛತೆ, ಆರು ಮನೆಗಳ ಶ್ರುತಿ: 1,400 ರೂಪಾಯಿ. ಎಲ್ಲ ರೀಡುಗಳನ್ನೂ ಮತ್ತೆ ಪ್ರಮಾಣಕ್ಕೆ ಇಳಿಸಿಕೊಡಲೇ ಎಂದು ಕುಶಲಕರ್ಮಿ ಕೇಳಿದರು, ಬೇಡವೆಂದೆ. ರೀಡಿನ ಹಿತ್ತಾಳೆಯ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ, ಎರಡರಲ್ಲೂ ಲೋಹ ಸವೆಯುತ್ತದೆ, ಬುಡ ತೆಳುವಾದ ರೀಡು ಒಂದು ದಿನ ಮುರಿಯುತ್ತದೆ. ಅಗತ್ಯವಿಲ್ಲದ ಎಪ್ಪತ್ತು ರೀಡುಗಳನ್ನು ಕೆರೆಸುವ ಕಾರಣ ಕಾಣಲಿಲ್ಲ. ಆಟೋ ಬಾಡಿಗೆ, ಹೊದಿಕೆಯ ಬಟ್ಟೆ ಸೇರಿ ಒಟ್ಟು ಖರ್ಚು 5,620. ಕೊಳಲಿನ 350 ಕೂಡಿಸಿದರೆ 5,970.

ಎಂಟರಿಂದ ಹತ್ತನೆಯ ವಾರ: ಅಭ್ಯಾಸ

ಪೆಟ್ಟಿಗೆಯನ್ನು ಕಟ್ಟಿ ಮಂಚದಡಿ ಇಡದೆ, ಗೋಡೆಯ ಪಕ್ಕ ಮಣೆಯ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದೇನೆ. ಕೂತ ಅರ್ಧ ನಿಮಿಷದಲ್ಲಿ ಸ್ವರ ಹೊರಡುತ್ತದೆ. ಮೂರು ವಾರಗಳಲ್ಲಿ ಹದಿನೆಂಟು ದಿನ ಸಿಗಬೇಕಿತ್ತು, ಹದಿನೈದು ದಿನ ಸಿಕ್ಕಿತು.

ಮೊದಲ ವಾರ ಬಿಳಿ ಒಂದನ್ನು ಷಡ್ಜವಾಗಿಟ್ಟು ಬರಿಯ ಬಿಳಿ ಮನೆಗಳ ಮೇಲೆ ಬಿಲಾವಲ್ ನುಡಿಸಿದೆ. ಸುಲಭವೆನಿಸಿತು, ಆದರೆ ಹಾಡಲು ಹೋದರೆ ನನ್ನ ಗಂಟಲು ಕೂತದ್ದು ಕರಿ ಒಂದರಲ್ಲಿ. ಅರ್ಧ ಮನೆ ಸರಿದದ್ದಷ್ಟೇ, ಬೆರಳುಗಳ ದಾರಿ ಪೂರ್ತಿ ಬದಲಾಯಿತು. ಸರಳೆ ವರಸೆಯ ಮಾಯಾಮಾಳವಗೌಳವನ್ನು ಕರಿ ಒಂದರಿಂದ ಹಿಡಿದರೆ ಮನೆಗಳು ಹೀಗೆ ಬರುತ್ತವೆ: ಕರಿ ಒಂದು, ಬಿಳಿ ಎರಡು, ಬಿಳಿ ನಾಲ್ಕು, ಕರಿ ಮೂರು, ಕರಿ ನಾಲ್ಕು, ಬಿಳಿ ಆರು, ಮೇಲಿನ ಬಿಳಿ ಒಂದು, ಮೇಲಿನ ಕರಿ ಒಂದು. ಕೊಳಲಿನಲ್ಲಿ ಶ್ರುತಿ ಬದಲಾದರೆ ಕೊಳಲನ್ನು ಬದಲಿಸುತ್ತಾರೆ, ಬೆರಳುಗಳು ಅವೇ. ಇಲ್ಲಿ ಪೆಟ್ಟಿಗೆ ಅದೇ, ಬೆರಳುಗಳನ್ನು ಹೊಸದಾಗಿ ಕಲಿಸಬೇಕು. ಮೊದಲ ದಿನವೇ ಒಮ್ಮೆ ಹಾಡಿ ನೋಡಿ ಷಡ್ಜವನ್ನು ನಿಶ್ಚಯಿಸಿದ್ದರೆ ಒಂದು ವಾರ ಉಳಿಯುತ್ತಿತ್ತು.

ಎಡಗೈಯದು ಇನ್ನೊಂದು ಪಾಠ. ತಾಳಕ್ಕೆ ಸರಿಯಾಗಿ ತಿದಿ ಒತ್ತುತ್ತಿದ್ದೆ, ಸ್ವರ ಪ್ರತಿ ಅಕ್ಷರಕ್ಕೂ ಉಬ್ಬಿ ಕುಗ್ಗುತ್ತಿತ್ತು. ಸಂಗ್ರಹ ಪೂರ್ತಿ ಬರಿದಾಗುವ ಮುನ್ನ, ತಾಳದ ಲೆಕ್ಕವಿಲ್ಲದೆ, ಸಣ್ಣದಾಗಿ ತುಂಬುತ್ತಾ ಹೋಗಬೇಕೆಂದು ಹಿರಿಯರು ತೋರಿಸಿಕೊಟ್ಟ ಮೇಲೆ ನೆಟ್ಟಗಾಯಿತು. ಗಮಕ, ಮೀಂಡ್ ಈ ವಾದ್ಯದಲ್ಲಿ ಬರುವುದಿಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಇದನ್ನು ಹೊರಗಿಟ್ಟದ್ದಕ್ಕೆ ಮುಂದಿಟ್ಟ ಆಕ್ಷೇಪಗಳಲ್ಲಿ ಇದೂ ಒಂದು. ಭಜನೆಯಲ್ಲಿ ಗಮಕದ ಕೆಲಸವನ್ನು ಗಂಟಲಿಗೆ ಬಿಟ್ಟಿದ್ದೇನೆ.

ಹನ್ನೊಂದನೆಯ ವಾರ

ಮಳೆ ಶುರುವಾಗಿದೆ. ಸೋಮವಾರ ಕೆಳ ಸಪ್ತಕದ ಬಿಳಿ ಆರು ಹೊರಡಲಿಲ್ಲ. ಒಂದೊಂದೇ ಸ್ಟಾಪರ್ ತೆರೆದು ನೋಡಿದಾಗ ಎರಡನೆಯ ಸಾಲು ನುಡಿಯುತ್ತಿತ್ತು, ಮೊದಲನೆಯದು ಮೂಕವಾಗಿತ್ತು. ಆದ್ದರಿಂದ ಮನೆಯೂ ಚರ್ಮವೂ ಸರಿಯಿವೆ, ದೋಷ ಒಂದು ರೀಡಿನದು. ಮೇಲಿನ ಹಲಗೆ ತೆಗೆದು, ರೀಡುಗಳ ಹಲಗೆಯ ಸ್ಕ್ರೂ ಬಿಚ್ಚಿ, ಮಗಚಿ ನೋಡಿದರೆ ನಾಲಿಗೆಯ ಸಂದಿಯಲ್ಲಿ ಹೊದಿಕೆಯ ಬಟ್ಟೆಯದೇ ಒಂದು ನೂಲಿನ ಎಳೆ ಸಿಕ್ಕಿಕೊಂಡಿತ್ತು. ತೆಳ್ಳನೆಯ ಕಾಗದವನ್ನು ನಾಲಿಗೆಯಡಿ ಮೆಲ್ಲಗೆ ಹಾಯಿಸಿ ಎಳೆ ತೆಗೆದೆ, ಸ್ಕ್ರೂ ಬಿಗಿದೆ, ಸ್ವರ ಹೊರಟಿತು. ಆ ದಿನದ ಇಪ್ಪತ್ತೈದು ನಿಮಿಷಗಳಲ್ಲಿ ಹದಿನಾಲ್ಕು ಇದಕ್ಕೇ ಹೋದವು. ಉಳಿದ ಹನ್ನೊಂದರಲ್ಲಿ ಮೂರನೆಯ ಸರಳೆಯನ್ನು ಎರಡನೆಯ ಕಾಲದವರೆಗೆ ನುಡಿಸಿದೆ. ಹೊದಿಕೆಗೆ ನೂಲು ಬಿಡದ ಬಟ್ಟೆಯನ್ನು ತರಬೇಕು.