ಚಂದ್ರನ ಒಂದೇ ಮುಖ

ನಿನ್ನೆ ಹುಣ್ಣಿಮೆ. ಮಲ್ಪೆಯ ಕಡಲ ಬದಿಯಲ್ಲಿ ಉಬ್ಬರದ ನೀರು ನಮ್ಮ ಚಪ್ಪಲಿಗಳವರೆಗೂ ಬಂದಿದ್ದಾಗ ಅಕ್ಕನ ಮಗಳು, "ಮಾವ, ನಮಗೆ ಯಾವಾಗಲೂ ಚಂದ್ರನ ಒಂದೇ ಮುಖ ಕಾಣುತ್ತದಂತೆ. ಹಾಗಾದರೆ ಅವನು ತನ್ನಷ್ಟಕ್ಕೆ ತಿರುಗುವುದೇ ಇಲ್ಲವಾ?" ಎಂದು ಕೇಳಿದಳು. ಅಲ್ಲಿದ್ದ ತೆಂಗಿನಮರದ ಕಡೆಗೇ ಮುಖವಿಟ್ಟು ಅದಕ್ಕೊಂದು ಸುತ್ತು ಬರಲು ಹೇಳಿದೆ. ಹೊರಡುವಾಗ ಬೆನ್ನಿಗಿದ್ದ ಕಡಲು ಅರ್ಧ ಸುತ್ತಿಗೆ ಎದುರಾಯಿತು. ಅಂದರೆ ಮರಕ್ಕೆ ಸುತ್ತು ಬರುವಷ್ಟರಲ್ಲಿ ಅವಳೂ ತನ್ನಲ್ಲೇ ಒಮ್ಮೆ ತಿರುಗಿದ್ದಳು. ಚಂದ್ರನಿಗೆ ಈ ಎರಡೂ ಕೆಲಸಕ್ಕೆ ಸುಮಾರು 27.3 ದಿನ ಬೇಕು.

ಇದು ಕಾಕತಾಳೀಯವಲ್ಲ. ಹುಟ್ಟಿದ ಹೊಸತರಲ್ಲಿ ಚಂದ್ರ ಇನ್ನೂ ವೇಗವಾಗಿ ತಿರುಗುತ್ತಿದ್ದ. ಭೂಮಿಯ ಸೆಳೆತವು ಅವನ ಹತ್ತಿರದ ಬದಿಗೆ ಹೆಚ್ಚು, ದೂರದ ಬದಿಗೆ ಕಡಿಮೆ ಇದ್ದುದರಿಂದ, ಇಲ್ಲಿ ಕಡಲು ಉಬ್ಬುವಂತೆ ಅಲ್ಲಿ ಬಂಡೆಯೇ ಎರಡೂ ಕಡೆ ತುಸು ಉಬ್ಬಿತ್ತು. ಬಂಡೆಯ ಉಬ್ಬು ಥಟ್ಟನೆ ಇಳಿಯುವುದಿಲ್ಲ. ಅದು ಇಳಿಯುವ ಮೊದಲೇ ತಿರುಗುವಿಕೆಯು ಅದನ್ನು ಭೂಮಿಯ ನೇರದಿಂದ ತುಸು ಮುಂದಕ್ಕೆ ಒಯ್ಯುತ್ತಿತ್ತು. ಹತ್ತಿರದ ಉಬ್ಬನ್ನು ಭೂಮಿ ಹಿಂದಕ್ಕೆ ಎಳೆಯುತ್ತಿತ್ತು. ದೂರದ ಉಬ್ಬಿನ ಮೇಲಿನ ಎಳೆತ ಇದಕ್ಕೆ ವಿರುದ್ಧವಾಗಿದ್ದರೂ ದುರ್ಬಲವಾಗಿತ್ತು. ಹೀಗೆ ಬ್ರೇಕ್ ಬೀಳುತ್ತಾ, ಒಂದು ಸುತ್ತುವಿಕೆ ಇನ್ನೊಂದಕ್ಕೆ ಸಮವಾದಾಗ ಉಬ್ಬು ಭೂಮಿಯ ನೇರಕ್ಕೇ ನಿಂತಿತು. ಆ ಬಳಿಕ ಹಿಂದಕ್ಕೆ ಎಳೆಯಲು ಏನೂ ಉಳಿಯಲಿಲ್ಲ.

ಆದರೂ "ಒಂದೇ ಮುಖ" ಎಂಬ ಮಾತು ಪೂರ್ತಿ ಸರಿಯಲ್ಲ. ಚಂದ್ರನ ಪಥ ದೀರ್ಘವೃತ್ತವಾದ್ದರಿಂದ ಅವನು ಭೂಮಿಯ ಹತ್ತಿರ ಬಂದಾಗ ವೇಗವಾಗಿ, ದೂರವಾದಾಗ ನಿಧಾನವಾಗಿ ಸಾಗುತ್ತಾನೆ. ತನ್ನಲ್ಲಿ ತಿರುಗುವ ವೇಗ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಒಮ್ಮೆ ಈ ಅಂಚು, ಒಮ್ಮೆ ಆ ಅಂಚು ಇಣುಕುತ್ತದೆ. ಅಕ್ಷದ ಓರೆಯೂ ಸೇರಿ, ಕಾಲಕ್ರಮದಲ್ಲಿ ಭೂಮಿಯಿಂದ ಅವನ ಮೇಲ್ಮೈಯ ಸುಮಾರು 59 ಶೇಕಡಾ ಭಾಗ ಕಾಣಸಿಗುತ್ತದೆ.